ಬಲೂನ್ ಬರ್ಸ್ಟ್ ಆಯ್ತು

ಕೇಳುಗರಿಗೆ ನಮಸ್ಕಾರ. ನಾನು ಸ್ಪೀಚ್ ಥೆರಪಿಸ್ಟ್. ಮಾತು ಕಲಿಯುತ್ತಿರುವ ಮಕ್ಕಳ ಜೊತೆಗೇ ನನ್ನ ಕೆಲಸ. ಅಪ್ಪ ಅಮ್ಮಂದಿರು ಮತ್ತೆ ಮತ್ತೆ ತರುವ ದೂರು ಒಂದಿದೆ: ಮಗು ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುತ್ತದೆ, ತಲೆಯಲ್ಲಿ ಗೊಂದಲ ಆಗಿರಬೇಕು ಅಂತ. ಗೊಂದಲ ಆಗಿಲ್ಲ. ಇವತ್ತು ನಾನು ಹೇಳುವುದು ಇದೊಂದೇ.

ಒಮ್ಮೆ ಒಬ್ಬ ತಾಯಿ ಮೂರೂವರೆ ವರ್ಷದ ಮಗನನ್ನು ಕರೆದುಕೊಂಡು ಬಂದರು. ಜೊತೆಗೆ ಅಜ್ಜಿ. ‘ಮೇಡಂ, ಇವನು ತುಂಬಾ ಮಿಕ್ಸ್ ಮಾಡ್ತಾನೆ. ಫುಲ್ ಕನ್‌ಫ್ಯೂಸ್ ಆಗಿದಾನೆ.’ ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಯಾರೋ ಹೇಳಿದ್ದರಂತೆ. ಇಂಥ ಸಲಹೆ ಕೇಳಿದರೆ ನನಗೆ ರೇಗುತ್ತದೆ, ಇರಲಿ. ಹುಡುಗನ ಕೈಗೆ ಒಂದು ಬಲೂನ್ ಕೊಟ್ಟೆ. ಎರಡೇ ನಿಮಿಷ, ಢಮಾರ್! ಅವನು ನನ್ನ ಮುಖ ನೋಡಿದ. ‘ಆಂಟಿ, ಬಲೂನ್ ಬರ್ಸ್ಟ್ ಆಯ್ತು. ನಾನು ಬರ್ಸ್ಟ್ ಮಾಡ್ಲಿಲ್ಲ!’

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ತಾನಾಗಿಯೇ ಒಡೆದರೆ ‘ಆಯ್ತು’. ಯಾರಾದರೂ ಒಡೆದರೆ ‘ಮಾಡು’. ಇಂಗ್ಲಿಷಿನಲ್ಲಿ ಎರಡಕ್ಕೂ ಬರ್ಸ್ಟ್ ಒಂದೇ. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಯಾವ ಬಾಲ ಅಂಟಿಸಬೇಕು ಅಂತ ಹುಡುಗನಿಗೆ ಗೊತ್ತು. ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಪದ ಇಂಗ್ಲಿಷಿನದು, ವಾಕ್ಯದ ಮೂಳೆ ಕನ್ನಡದ್ದು. ‘ಬಸ್ಸಲ್ಲಿ’ ಅನ್ನುತ್ತಾರೆ ಈ ಮಕ್ಕಳು. ಕನ್ನಡ ವಾಕ್ಯದ ಮಧ್ಯೆ ‘ಇನ್ ಬಸ್ ಹೋದೆ’ ಅಂತ ಅವರು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಗೊಂದಲ ಆಗಿದ್ದರೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು? ಅಂದ ಹಾಗೆ, ‘ಮಿಕ್ಸ್ ಮಾಡ್ತಾನೆ, ಕನ್‌ಫ್ಯೂಸ್ ಆಗಿದಾನೆ’ ಅಂದ ತಾಯಿ ಬಳಸಿದ್ದೂ ಇದೇ ನಿಯಮ! ಮಗ ಕಲಿತದ್ದು ಅಲ್ಲಿಂದಲೇ.

ಕಥೆ ಇನ್ನೂ ಮುಗಿದಿಲ್ಲ. ಹುಡುಗ ಹಿಂದೆ ತಿರುಗಿದ. ‘ಅಜ್ಜೀ, ಒಡ್ದೋಯ್ತು!’ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅರ್ಧ ನಿಮಿಷದಲ್ಲಿ ಕೇಳುವವರನ್ನು ನೋಡಿ ಪದ ಬದಲಾಯಿಸಿದ್ದ, ನೋಡಿ.

ಇದು ನಮ್ಮ ಮಕ್ಕಳದ್ದಷ್ಟೇ ಕಥೆಯಲ್ಲ. ಕೆನಡಾದ ಸಂಶೋಧಕ ಫ್ರೆಡ್ ಜೆನಸಿ ಮತ್ತು ಜೊತೆಗಾರರು ಫ್ರೆಂಚ್, ಇಂಗ್ಲಿಷ್ ಎರಡನ್ನೂ ಕೇಳಿ ಬೆಳೆಯುತ್ತಿದ್ದ ಐದು ಮಕ್ಕಳನ್ನು ಗಮನಿಸಿ 1995ರಲ್ಲಿ ಬರೆದರು. ವಯಸ್ಸು ಸುಮಾರು ಎರಡು. ಆಗಲೇ ಅವರು ಅಮ್ಮನ ಭಾಷೆಯನ್ನು ಅಮ್ಮನ ಜೊತೆ, ಅಪ್ಪನದನ್ನು ಅಪ್ಪನ ಜೊತೆ ಜಾಸ್ತಿ ಬಳಸುತ್ತಿದ್ದರು.

ಸಮಯ ಆಗ್ತಾ ಬಂತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ಹಾಗಾದರೆ ಚಿಂತೆ ಮಾಡಬೇಕಾದ್ದು ಯಾವಾಗ? ಬೆರೆಸಿದಾಗ ಅಲ್ಲ, ಎರಡು ಭಾಷೆಯಲ್ಲೂ ಮಾತು ಹಿಂದೆ ಬಿದ್ದಾಗ. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕು, ‘ಹಾಲು ಬೇಕು’ ಅಂತ ಎರಡು ಪದ ಕೂಡಿಸಬೇಕು. ಎಣಿಸುವಾಗ ಎರಡು ಭಾಷೆಯನ್ನೂ ಸೇರಿಸಿ. ಕನ್ನಡದ್ದು 30, ಇಂಗ್ಲಿಷಿನದು 25 ಇದ್ದರೆ ಒಟ್ಟು 55, ಮಗು ಸರಿಯಾಗಿಯೇ ಇದೆ. ಬರೀ ಕನ್ನಡ ಎಣಿಸಿ 30 ಅಂತ ಗಾಬರಿಯಾಗಿ ನನ್ನ ಹತ್ತಿರ ಓಡಿ ಬರಬೇಡಿ. ‘ಹಾಲು ಮೋರ್’ ಅಂದರೆ? ಅದೂ ಎರಡು ಪದ ಕೂಡಿಸಿದ್ದೇ. ಲೆಕ್ಕಕ್ಕೆ ಹಾಕಿಕೊಳ್ಳಿ.