ಬ್ರಾಂದಿ ಕುಡಿದ ಮರುದಿನ ತಲೆ ಯಾಕೆ ಜಾಸ್ತಿ ಸಿಡಿಯುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನಲ್ಲಿ ಮದುವೆಯಿರಲಿ, ಪುತ್ತರಿಯಿರಲಿ, ಮರುದಿನ ಬೆಳಿಗ್ಗೆ ಒಂದು ಮಾತು ಕೇಳಿಸುತ್ತದೆ. "ನಾನೂ ಎರಡೇ ಪೆಗ್, ಅವನೂ ಎರಡೇ ಪೆಗ್. ಅವನು ಆರಾಮಾಗಿ ತೋಟಕ್ಕೆ ಹೋದ, ನನಗೆ ತಲೆ ಎತ್ತಕ್ಕಾಗ್ತಿಲ್ಲ." ದೇಹದಿಂದ ದೇಹಕ್ಕೆ ವ್ಯತ್ಯಾಸ ಇದೆ, ನಿಜ. ಆದರೆ ಯಾವುದನ್ನು ಕುಡಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹಣ್ಣೋ ಧಾನ್ಯವೋ ಹುಳಿಯುವಾಗ ಬರೀ ಆಲ್ಕೋಹಾಲ್ ಹುಟ್ಟುವುದಿಲ್ಲ, ಅದರ ಜೊತೆ ಅಸಿಟೋನ್, ಮೆಥನಾಲ್ ಥರದ ವಸ್ತುಗಳೂ ಸ್ವಲ್ಪ ಸ್ವಲ್ಪ ಹುಟ್ಟುತ್ತವೆ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಮರದಿಂದ ಟ್ಯಾನಿನ್ ಕೂಡ ಇಳಿಯುತ್ತದೆ. ಇವುಗಳನ್ನೇ ಕಾಂಜಿನರ್ ಅನ್ನುತ್ತಾರೆ. ಪಾನೀಯಕ್ಕೆ ಪರಿಮಳ, ರುಚಿ ಬರುವುದರಲ್ಲಿ ಇವುಗಳ ಪಾಲು ದೊಡ್ಡದು. ವೋಡ್ಕಾದಲ್ಲಿ ಇವು ತೀರಾ ಕಡಿಮೆ. ಬ್ರಾಂದಿ, ಡಾರ್ಕ್ ರಮ್, ಬರ್ಬನ್ ವಿಸ್ಕಿಯಲ್ಲಿ ಜಾಸ್ತಿ. ಹಾಗಂತ ಬಣ್ಣ ನೋಡಿಯೇ ತೀರ್ಮಾನಿಸಬೇಡಿ, ಸುಟ್ಟ ಸಕ್ಕರೆಯಿಂದಲೂ ಬಣ್ಣ ಬರಿಸುತ್ತಾರೆ.

ಮೆಥನಾಲ್ ಕೆಲಸ ಮಾಡುವ ರೀತಿ ಗಮನಿಸಿ. ಲಿವರ್ ಮೊದಲು ಮಾಮೂಲಿ ಆಲ್ಕೋಹಾಲನ್ನು ಕರಗಿಸುತ್ತದೆ, ಮೆಥನಾಲ್ ಕಾಯುತ್ತಾ ಕೂರುತ್ತದೆ. ಅಮಲು ಇಳಿದ ಮೇಲೆ ಅದರ ಸರದಿ. ಆಗ ಅದು ಫಾರ್ಮಾಲ್ಡಿಹೈಡ್, ಫಾರ್ಮಿಕ್ ಆಸಿಡ್ ಆಗಿ ಬದಲಾಗುತ್ತದೆ, ಎರಡೂ ವಿಷವೇ. ತಲೆನೋವು ರಾತ್ರಿ ಬಿಟ್ಟು ಬೆಳಿಗ್ಗೆ ಹಿಡಿಯುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ಸಂಶೋಧಕರು ಹೇಳುತ್ತಾರೆ.

ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಒಂದು ರಾತ್ರಿ ಬರ್ಬನ್ ಅಥವಾ ವೋಡ್ಕಾ ಕೊಟ್ಟರು. ಬರ್ಬನ್‌ನಲ್ಲಿ ಕಾಂಜಿನರ್ 37 ಪಟ್ಟು ಜಾಸ್ತಿ. ಬರ್ಬನ್ ಕುಡಿದವರಿಗೆ ಹ್ಯಾಂಗೋವರ್ ಜೋರಾಗಿತ್ತು. ಆದರೆ ಗಮನ ಕೊಡುವ, ಬೇಗ ಪ್ರತಿಕ್ರಿಯಿಸುವ ಪರೀಕ್ಷೆಯಲ್ಲಿ ಎರಡೂ ಕಡೆಯವರು ಒಂದೇ ಥರ ಹಿಂದೆ ಬಿದ್ದರು. ಅಂದರೆ ವೋಡ್ಕಾ ಕುಡಿದು ತಲೆನೋವು ಇಲ್ಲ ಅಂತ ಬೆಳಿಗ್ಗೆಯೇ ಸಂಪಾಜೆ ಘಾಟಿಯಲ್ಲಿ ಗಾಡಿ ಇಳಿಸುವವರಿಗೂ ಅಪಾಯ ಅಷ್ಟೇ ಇದೆ.

ಇನ್ನು ಸಕ್ಕರೆ. ಮನೆಯಲ್ಲಿ ಮಾಡಿದ ವೈನ್ ಸಿಹಿಯಾಗಿರುತ್ತದೆ, ಅಲ್ವಾ? ಸಕ್ಕರೆಯೇ ನೇರವಾಗಿ ತಲೆನೋವು ತರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಅದು ಆಲ್ಕೋಹಾಲ್‌ನ ಖಾರವನ್ನು ಮುಚ್ಚಿಬಿಡುತ್ತದೆ, ತೊಂದರೆ ಅಲ್ಲಿ. ವೈನ್‌ನಲ್ಲಿ 12 ಶೇಕಡಾ ಆಲ್ಕೋಹಾಲ್ ಇದೆ ಅಂದುಕೊಳ್ಳಿ. 150 ಮಿಲಿಯ ಮೂರು ಗ್ಲಾಸ್‌ನಲ್ಲಿ 54 ಮಿಲಿ ಶುದ್ಧ ಆಲ್ಕೋಹಾಲ್ ಆಯಿತು. 42.8 ಶೇಕಡಾದ ವಿಸ್ಕಿ 60 ಮಿಲಿಯಂತೆ ಎರಡು ಪೆಗ್ ಹಾಕಿದರೆ 51 ಮಿಲಿ. "ನಾನು ಸುಮ್ನೆ ವೈನ್ ತಗೊಂಡೆ" ಅನ್ನುವ ಅಕ್ಕನೂ ಪೆಗ್ ಹಾಕಿದ ಭಾವನೂ ಹೆಚ್ಚುಕಡಿಮೆ ಸಮ. ಅದರ ಮೇಲೆ, ಮನೆಯ ವೈನ್ ಎಷ್ಟು ಸ್ಟ್ರಾಂಗ್ ಅಂತ ಯಾರೂ ಅಳೆದಿರುವುದಿಲ್ಲ.

ಕೊನೆಗೆ ನೀರು. ಮೂತ್ರ ಹಿಡಿದಿಡುವ ಹಾರ್ಮೋನನ್ನು ಆಲ್ಕೋಹಾಲ್ ತಡೆಯುತ್ತದೆ, ಅದಕ್ಕೇ ಪದೇ ಪದೇ ಹೊರಗೆ ಹೋಗಬೇಕಾಗುತ್ತದೆ, ಬೆಳಿಗ್ಗೆ ಬಾಯಿ ಒಣಗುತ್ತದೆ. ನೀರು ಕುಡಿದರೆ ಬಾಯಾರಿಕೆ, ತಲೆಸುತ್ತು ಸ್ವಲ್ಪ ಇಳಿಯಬಹುದು. ಹೊಟ್ಟೆ ತೊಳಸುವುದು, ಸುಸ್ತು ಮಾತ್ರ ಹಾಗೇ ಉಳಿಯುತ್ತವೆ. ನೀರಿನ ಕೊರತೆ ಹ್ಯಾಂಗೋವರ್ ಜೊತೆಗೆ ಬರುವ ಇನ್ನೊಂದು ತೊಂದರೆ, ಅದರ ಮೂಲ ಅಲ್ಲ. ಪೆಗ್ಗಿನ ಮಧ್ಯೆ ಒಂದು ಗ್ಲಾಸ್ ನೀರು ಕುಡಿಯುವುದರ ಮುಖ್ಯ ಲಾಭ, ಕುಡಿಯುವ ವೇಗ ಕಡಿಮೆಯಾಗುವುದು.