28 ವರ್ಷ ಇದ್ದರೂ ಕ್ವಾರ್ಟರ್ಸ್ ಯಾಕೆ ಬಾಡಿಗೆ ಮನೆಯಲ್ಲ?

[ಪರದೆಯ ಮೇಲೆ: ಒಂದು ಸಂಬಳದ ಚೀಟಿ]

ನಮಸ್ಕಾರ. ವೀಕ್ಷಕಿಯೊಬ್ಬರು ಕೇಳಿದ ಪ್ರಶ್ನೆ ಇದು. "ಅಪ್ಪ 28 ವರ್ಷ ಕ್ವಾರ್ಟರ್ಸ್‌ನಲ್ಲಿದ್ದರು. ಪ್ರತಿ ತಿಂಗಳೂ ಸಂಬಳದಲ್ಲಿ ದುಡ್ಡು ಹಿಡಿಯುತ್ತಿದ್ದರು. ರಿಟೈರ್ ಆದ ಮೇಲೆ ಖಾಲಿ ಮಾಡಿ ಅಂತಿದ್ದಾರೆ. ಬಾಡಿಗೆದಾರರ ಹಕ್ಕು ಅವರಿಗೆ ಇರಲ್ವಾ?"

ಇರುವುದಿಲ್ಲ. ಯಾಕೆ ಅನ್ನುವುದರ ಸುಳಿವು ಎಷ್ಟೋ ಸಲ ಅಪ್ಪನ ಸಂಬಳದ ಚೀಟಿಯಲ್ಲೇ ಇರುತ್ತದೆ. ಕೇಂದ್ರ ಸರ್ಕಾರಿ ನೌಕರರ ಚೀಟಿ ತೆಗೆದು ನೋಡಿ. ಕ್ವಾರ್ಟರ್ಸ್‌ಗೆ ಹಿಡಿದ ಹಣದ ಮುಂದೆ 'ಬಾಡಿಗೆ' ಅಂತ ಇರುವುದಿಲ್ಲ, 'ಲೈಸೆನ್ಸ್ ಫೀ' ಅಂತ ಇರುತ್ತದೆ.

ಬೇಸಿಕ್ಸ್ ಬೇಗ ಮುಗಿಸೋಣ. ಬಾಡಿಗೆ ಅಂದರೆ ಕಾನೂನಿನಲ್ಲಿ ಲೀಸ್. ಲಕ್ಷಗಟ್ಟಲೆ ಮುಂಗಡ ಕೊಡುವ ನಮ್ಮ ಊರಿನ 'ಲೀಸ್' ಅಲ್ಲ, ಅದನ್ನು ಪಕ್ಕಕ್ಕಿಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಲೀಸ್‌ನಲ್ಲಿ ಮನೆಯನ್ನು ಅನುಭವಿಸುವ ಹಕ್ಕೇ ಕೈ ಬದಲಾಗುತ್ತದೆ. ಲೈಸೆನ್ಸ್‌ನಲ್ಲಿ ಅಂಥದ್ದೇನೂ ಇಲ್ಲ, "ಇಲ್ಲಿರಿ" ಅನ್ನುವ ಅನುಮತಿ ಮಾತ್ರ. ಇದು ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿದೆ.

"ಬೀಗದ ಕೈ ನಮ್ಮ ಹತ್ತಿರವೇ ಇತ್ತಲ್ಲ?" ಇತ್ತು. ಆದರೆ ಬರೀ ಕೀ ಸಾಲದು. ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿತು: ಕಾಗದಕ್ಕೆ ಏನು ಹೆಸರಿಟ್ಟಿದ್ದಾರೆ ಅನ್ನುವುದಕ್ಕಿಂತ, ಇಬ್ಬರೂ ಏನು ಮಾಡಲು ಹೊರಟಿದ್ದರು ಅನ್ನುವುದು ಮುಖ್ಯ. ಕ್ವಾರ್ಟರ್ಸ್‌ನಲ್ಲಿ ಇಬ್ಬರೂ ಹೊರಟಿದ್ದು ಕೆಲಸ ಇರುವವರೆಗಿನ ವಾಸಕ್ಕೆ.

ಈಗ ನನಗೆ ತುಂಬಾ ಇಷ್ಟವಾದ ಸಾಲು. ಈಸ್‌ಮೆಂಟ್ಸ್ ಕಾಯ್ದೆಯ 62ನೇ ಸೆಕ್ಷನ್. ಲೈಸೆನ್ಸ್ ಯಾವಾಗ ತಾನಾಗಿ ರದ್ದಾಗುತ್ತದೆ ಅಂತ ಅಲ್ಲಿ ಪಟ್ಟಿ ಇದೆ. ಅದರಲ್ಲಿ ಒಂದು: ಯಾವುದೋ ಹುದ್ದೆಯಲ್ಲಿ ಅಥವಾ ಕೆಲಸದಲ್ಲಿ ಇದ್ದಾರೆ ಅಂತ ಕೊಟ್ಟ ಲೈಸೆನ್ಸ್, ಆ ಹುದ್ದೆ, ಆ ಕೆಲಸ ಹೋದಾಗ ರದ್ದಾದಂತೆ.

ಬಸ್ಸಿನಲ್ಲಿ ಕಂಡಕ್ಟರ್ ಸೀಟು ಇರುತ್ತದಲ್ಲ, ನೆನಪಿಸಿಕೊಳ್ಳಿ. ಅದೇ ರೂಟಿನಲ್ಲಿ 20 ವರ್ಷ, ಅದೇ ಸೀಟು. ಬೇರೆಯವರು ಕೂತರೆ ಎಬ್ಬಿಸುವ ಅಧಿಕಾರವೂ ಅವರದೇ. ರಿಟೈರ್ ಆದ ಮಾರನೇ ದಿನ ಅದೇ ಬಸ್ ಹತ್ತಿ "ಇದು ನನ್ನ ಸೀಟು" ಅಂದರೆ? ಹೊಸ ಕಂಡಕ್ಟರ್ ಮರ್ಯಾದೆಯಿಂದಲೇ ನಕ್ಕು ಟಿಕೆಟ್ ಹರಿದು ಕೊಡುತ್ತಾರೆ. ಸೀಟು ಆ ಮನುಷ್ಯನಿಗೆ ಸೇರಿದ್ದಲ್ಲ, ಡ್ಯೂಟಿಗೆ ಸೇರಿದ್ದು. 20 ವರ್ಷ ಕೂತಿದ್ದಕ್ಕೆ ಅದು ಅವರದಾಗಲಿಲ್ಲ, ಯಾಕಂದ್ರೆ ಒಂದೊಂದು ದಿನವೂ ಡ್ಯೂಟಿಯ ಮೇಲೇ ಕೂತಿದ್ದರು. ಕ್ವಾರ್ಟರ್ಸ್‌ನ 28 ವರ್ಷದ ಲೆಕ್ಕವೂ ಇದೇ.

[ಪರದೆಯ ಮೇಲೆ: ಕ್ಯಾಲೆಂಡರ್]

ಒಂದು ಉದಾಹರಣೆ ಕಟ್ಟೋಣ. ಒಬ್ಬರು ಮೇ 31ಕ್ಕೆ ನಿವೃತ್ತರಾದರು. ನಿಯಮದಂತೆ ಆರು ತಿಂಗಳು ಉಳಿಯಲು ಅನುಮತಿ ಸಿಕ್ಕಿತು. ನವೆಂಬರ್ ಮುಗಿಯಿತು, ಅವರು ಹೋಗಲಿಲ್ಲ. ಮುಂದೆ ಎಂಟು ತಿಂಗಳು ಸಂಸ್ಥೆ ದಂಡದ ದರದಲ್ಲಿ ಹಣ ಕೇಳಿತು, ಅವರೂ ಕಟ್ಟಿದರು. ಆಮೇಲೆ ಅಂದರು: "ದುಡ್ಡು ತಗೊಂಡಿದ್ದೀರಿ, ಅಂದರೆ ನನ್ನನ್ನು ಬಾಡಿಗೆದಾರ ಅಂತ ಒಪ್ಪಿದ್ದೀರಿ."

ವಾದ ಚೆನ್ನಾಗಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್‌ನಲ್ಲಿ ಇಂಥದ್ದೇ ಮಾತಿದೆ: ಅವಧಿ ಮುಗಿದ ಮೇಲೂ ಬಾಡಿಗೆ ಒಪ್ಪಿಕೊಂಡರೆ ಬಾಡಿಗೆ ಮುಂದುವರಿಯುತ್ತದೆ. ಆದರೆ ಮುಂದುವರಿಯಲು ಮೊದಲು ಬಾಡಿಗೆ ಇರಬೇಕಲ್ಲ! ಇಲ್ಲಿ ಇದ್ದದ್ದು ಲೈಸೆನ್ಸ್. ಜೊತೆಗೆ ಆ ಎಂಟು ತಿಂಗಳ ಹಣ ಅನಧಿಕೃತ ವಾಸಕ್ಕೆ ಪರಿಹಾರವಾಗಿ ಹೋದದ್ದು, ಬಾಡಿಗೆಯಾಗಿ ಅಲ್ಲ. ರಸೀದಿಯಲ್ಲಿ ಏನು ಬರೆದಿದ್ದಾರೆ ನೋಡಿ, ಅಲ್ಲೇ ಗೊತ್ತಾಗುತ್ತದೆ. ನಿವೃತ್ತಿಯ ನಂತರ ಸಂಸ್ಥೆಯೇ ಹೊಸದಾಗಿ ಬಾಡಿಗೆ ಕರಾರು ಮಾಡಿಕೊಟ್ಟಿದ್ದರೆ ಮಾತ್ರ ಕಥೆ ಬೇರೆ.

ಟೈಮ್ ಕಡಿಮೆ ಇದೆ, ಉಳಿದದ್ದು ಒಟ್ಟಿಗೆ. "12 ವರ್ಷ ಕಳೆದರೆ ನಮ್ಮದೇ" ಅನ್ನುವವರಿದ್ದಾರೆ. ಅನುಮತಿ ಪಡೆದು ಕೂತವರಿಗೆ ಅದು ಸುಮ್ನೆ ಸಿಗುವುದಿಲ್ಲ. ಮಾಲೀಕರ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ಕೂತಿದ್ದನ್ನು ತೋರಿಸಬೇಕು. ಕಂಪನಿ ಕೊಟ್ಟ ಮನೆಯನ್ನು ನೌಕರರು ಬಿಡದಿದ್ದರೆ ಕಂಪನಿ ಕಾಯ್ದೆ 2013ರ 452ನೇ ಸೆಕ್ಷನ್ ಇದೆ, ದಂಡವೇ 1 ಲಕ್ಷದಿಂದ 5 ಲಕ್ಷದವರೆಗೆ. ನಿವೃತ್ತರಿಗೂ ಇದು ಅನ್ವಯಿಸುತ್ತದೆ ಅಂತ, ಹಳೆಯ ಕಾಯ್ದೆಯ ಇಂಥದ್ದೇ ಸೆಕ್ಷನ್ ಬಗ್ಗೆ, ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿತ್ತು. ಕೋರ್ಟ್ ಹೇಳಿದ ದಿನದೊಳಗೆ ಮನೆ ಬಿಡದಿದ್ದರೆ ಜೈಲೂ ಆಗಬಹುದು. ಆದರೆ ಪಿಎಫ್, ಗ್ರಾಚ್ಯುಟಿಯಂಥ ಬಾಕಿಯನ್ನು ಕಂಪನಿಯೇ ಕೊಟ್ಟಿಲ್ಲದಿದ್ದರೆ, ಮನೆಯ ಕಾರಣಕ್ಕೆ ಜೈಲಿಗೆ ಕಳಿಸುವಂತಿಲ್ಲ. ನ್ಯಾಯವಾದ ತಿದ್ದುಪಡಿ ಅಂತ ನನಗನಿಸುತ್ತದೆ. ಸರ್ಕಾರಿ ಕ್ವಾರ್ಟರ್ಸ್ ಆದರೆ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ಎಸ್ಟೇಟ್ ಆಫೀಸರ್ ನೋಟಿಸ್ ಕೊಡುತ್ತಾರೆ. ಅದಕ್ಕೆ ಉತ್ತರ ಕೊಡದೆ ಡ್ರಾಯರ್‌ಗೆ ಹಾಕುವವರೇ ಜಾಸ್ತಿ!

ಹಾಗಂತ ಸಾಮಾನು ಬೀದಿಗೆ ಎಸೆಯುವ ಹಕ್ಕು ಯಾರಿಗೂ ಇಲ್ಲ. ಲೈಸೆನ್ಸ್ ರದ್ದಾದರೂ ಮನೆ ಬಿಡಲು, ಬೀರು ಮಂಚ ಸಾಗಿಸಲು ಸಾಕಷ್ಟು ಸಮಯ ಸಿಗಬೇಕು ಅಂತ ಈಸ್‌ಮೆಂಟ್ಸ್ ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. ವೀಕ್ಷಕಿಯ ಅಪ್ಪ ಕೇಳಬೇಕಾದದ್ದು ಆ ಸಮಯವನ್ನು, ಅದನ್ನೂ ಬರವಣಿಗೆಯಲ್ಲಿ.