ರದ್ದು ಮಾಡಿದ ಮೇಲೂ ಆ್ಯಪ್ ಯಾಕೆ ನಡೆಯುತ್ತದೆ?

ಕೇಳುಗರಿಗೆ ನಮಸ್ಕಾರ. ಸಿನಿಮಾ, ಹಾಡು, ಸೀರಿಯಲ್ ಆ್ಯಪ್‌ಗಳ ಚಂದಾ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ನಮಗೆ ಬರುವ ಫೋನುಗಳಲ್ಲಿ ಎರಡು ಥರದವು ಜಾಸ್ತಿ. "ರದ್ದು ಮಾಡಿದೀನಿ, ಆದ್ರೂ ಆ್ಯಪ್ ನಡೀತಾನೇ ಇದೆ, ಏನೋ ಮೋಸ ಇದೆ" ಎನ್ನುತ್ತಾರೆ ಕೆಲವರು. "ಅರ್ಧ ತಿಂಗಳಿಗೇ ಬಿಟ್ಟೆ, ಉಳಿದ ದುಡ್ಡು ಎಲ್ಲಿ?" ಎನ್ನುತ್ತಾರೆ ಇನ್ನು ಕೆಲವರು. ಇಬ್ಬರಿಗೂ ಉತ್ತರ ಒಂದೇ. ರದ್ದು ಮಾಡುವುದೆಂದರೆ "ಮುಂದಿನ ಸಲ ನನ್ನ ದುಡ್ಡು ತೆಗೆಯಬೇಡಿ" ಎಂದು ಹೇಳುವುದು. ಅಷ್ಟೇ. ಆಗಲೇ ಕೊಟ್ಟ ದುಡ್ಡನ್ನು ಆ ಗುಂಡಿ ಮುಟ್ಟುವುದೇ ಇಲ್ಲ.

ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದರು. ಏಪ್ರಿಲ್ 5ರಂದು ಕಾರ್ಟೂನ್ ನೋಡುವ ಆ್ಯಪ್‌ಗೆ 299 ರೂಪಾಯಿ ಕಟ್ಟಿದರು. ಯುಪಿಐ ಆಟೋಪೇ, ಅಂದರೆ ತಿಂಗಳು ತಿಂಗಳು ದುಡ್ಡು ತಾನಾಗೇ ಹೋಗುವ ವ್ಯವಸ್ಥೆ. 12ಕ್ಕೆ ಮಕ್ಕಳು ಊರಿಗೆ ಹೊರಟವು. ಅವತ್ತೇ ರದ್ದು ಮಾಡಬಹುದಿತ್ತು. ಆದರೆ ಮೇಷ್ಟ್ರು ಯೋಚಿಸಿದರು: ಈಗ ರದ್ದು ಮಾಡಿದರೆ ಈಗಲೇ ನಿಂತುಹೋಗುತ್ತೆ, ಕೊಟ್ಟ ದುಡ್ಡು ದಂಡ. ಕೊನೆಯ ದಿನದವರೆಗೂ ಹಳೇ ಸಿನಿಮಾ ನೋಡಿ, ಮೇ 4ರ ರಾತ್ರಿ ರದ್ದು ಮಾಡಿದರಾಯಿತು. ಕ್ಯಾಲೆಂಡರಿನಲ್ಲಿ ಗುರುತೂ ಹಾಕಿದರು. ಮೇ 3ಕ್ಕೆ "ನಾಳೆ 299 ರೂಪಾಯಿ ಕಡಿತವಾಗಲಿದೆ" ಎಂದು ಮೆಸೇಜ್ ಬಂತು. ಓದಲಿಲ್ಲ. 4ರ ಬೆಳಿಗ್ಗೆ ದುಡ್ಡು ಹೋಯಿತು. ಅವಧಿ ಮುಗಿಯುವುದಕ್ಕೆ ಒಂದು ದಿನ ಮುಂಚೆಯೇ ದುಡ್ಡು ತೆಗೆಯುವ ಪದ್ಧತಿ ಹಲವು ಕಡೆ ಇದೆ.

ಮೇಷ್ಟ್ರು ಸಿಟ್ಟಿನಲ್ಲಿ ಫೋನ್ ಮಾಡಿದರು. ಕೈಯಲ್ಲಿ ಲೆಕ್ಕ ಬೇರೆ. "ದಿನಕ್ಕೆ ಹತ್ತು ರೂಪಾಯಿ. ಮಕ್ಕಳು ನೋಡಿದ್ದು ಒಂದು ವಾರ, ಎಪ್ಪತ್ತು ರೂಪಾಯಿ ಇಟ್ಕೊಳ್ಳಿ. ಮಿಕ್ಕಿದ್ದನ್ನೂ ಹೊಸ 299ನ್ನೂ ವಾಪಸ್ ಹಾಕಿಸಿ!" ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸಾರ್, ಇದು ದಿನದ ಲೆಕ್ಕದಲ್ಲಿ ಮಾರಿದ ವಸ್ತುವೇ ಅಲ್ಲ. ಬಸ್ಸಿನ ತಿಂಗಳ ಪಾಸ್ ಇದ್ದ ಹಾಗೆ. ತಿಂಗಳಿಗೊಂದು ಬೆಲೆ, ನೀವು ದಿನಾ ಓಡಾಡಿ, ಮನೇಲೇ ಕೂತಿರಿ, ಬೆಲೆ ಅದೇ. ದಿನದ ಲೆಕ್ಕದಲ್ಲಿ ವಾಪಸ್ ಕೊಡುತ್ತೇವೆ ಎಂದರೆ ಏನಾಗುತ್ತೆ? ಶನಿವಾರ, ಭಾನುವಾರ ಕೂತು ಹತ್ತು ಕಂತಿನ ಸರಣಿ ಪೂರ್ತಿ ನೋಡಿ, ಸೋಮವಾರ ಇಪ್ಪತ್ತು ರೂಪಾಯಿ ಬಿಟ್ಟು ಮಿಕ್ಕಿದ್ದು ಕೊಡಿ ಎನ್ನುತ್ತಾರೆ. ಅದಕ್ಕೇ ಹೆಚ್ಚಿನ ಕಂಪನಿಗಳು ದುಡ್ಡು ವಾಪಸ್ ಕೊಡುವುದಿಲ್ಲ, ಬದಲಿಗೆ ಉಳಿದ ದಿನಗಳನ್ನು ನಿಮಗೇ ಬಿಡುತ್ತವೆ. ಏಪ್ರಿಲ್ 12ಕ್ಕೇ ರದ್ದು ಮಾಡಿದ್ದರೂ ಮೇಷ್ಟ್ರಿಗೆ ಮೇ 5ರವರೆಗೆ ಸಿನಿಮಾ ಸಿಗುತ್ತಿತ್ತು. ಒಂದು ದಿನವೂ ಕಡಿಮೆಯಾಗುತ್ತಿರಲಿಲ್ಲ. ಕಾದು ಕೂತು ಅವರು ಗಳಿಸಿದ್ದು ಏನೂ ಇಲ್ಲ, ಕಳೆದದ್ದು 299.

ಆದ್ದರಿಂದ ಬೇಡ ಅನ್ನಿಸಿದ ದಿನವೇ ರದ್ದು ಮಾಡಿ. ಇನ್ನೊಂದು ಸಲ ಹೇಳುತ್ತೇನೆ, ಕೊನೆಯ ದಿನಕ್ಕೆ ಕಾಯಬೇಡಿ. ರದ್ದಾಯಿತೋ ಇಲ್ಲವೋ ತಿಳಿಯಲು ಆ್ಯಪ್‌ನಲ್ಲಿ ನಿಮ್ಮ ಖಾತೆಯ ಪುಟ ತೆರೆಯಿರಿ. ಮೊದಲು ಅಲ್ಲಿ "ಇಂಥ ದಿನ ನವೀಕರಣ" ಎಂದಿರುತ್ತದೆ. ರದ್ದಾದ ಮೇಲೆ ಅದೇ ಜಾಗದಲ್ಲಿ "ಇಂಥ ದಿನ ಮುಕ್ತಾಯ" ಎಂದು ಬರುತ್ತದೆ. ತಾರೀಖು ಅದೇ, ಪದ ಮಾತ್ರ ಬೇರೆ. ಆ ಪದ ಬದಲಾಗದಿದ್ದರೆ ರದ್ದಾಗಿಲ್ಲ. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ರದ್ದಾಯಿತು ಎಂದುಕೊಳ್ಳುವವರು ಈಗಲೂ ಇದ್ದಾರೆ. ಇಲ್ಲ ಸ್ವಾಮಿ! ಆ್ಯಪ್ ಹೋಗುತ್ತೆ, ದುಡ್ಡು ಹೋಗೋದು ನಿಲ್ಲಲ್ಲ. ಇನ್ನು "ಖಾತೆ ಅಳಿಸಿ" ಎನ್ನುವ ಗುಂಡಿ ಬೇರೆ. ಅದನ್ನು ಒತ್ತಿದರೆ ಉಳಿದ ದಿನಗಳೂ ಕೈ ತಪ್ಪಬಹುದು.

ಸಮಯ ಮುಗಿಯಿತು ಎಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ವರ್ಷದ ಚಂದಾಕ್ಕೂ ಇದೇ ಮಾತು: ಮೂರನೇ ತಿಂಗಳು ರದ್ದು ಮಾಡಿದರೂ ಸಾಮಾನ್ಯವಾಗಿ ಹನ್ನೆರಡು ತಿಂಗಳು ನಡೆಯುತ್ತದೆ. ಪುಕ್ಕಟೆ ಪ್ರಯೋಗದ ಅವಧಿ ಮಾತ್ರ ಬೇರೆ, ಕೆಲವು ಕಡೆ ರದ್ದು ಮಾಡಿದ ಕ್ಷಣವೇ ನಿಲ್ಲುತ್ತದೆ, ಒತ್ತುವ ಮುಂಚೆ ಓದಿ. ಒಂದೇ ತಿಂಗಳಿಗೆ ಎರಡು ಸಲ ದುಡ್ಡು ಹೋದರೆ, ಅಥವಾ ರದ್ದಾದ ಮೇಲೂ ಹೋದರೆ, ಅದು ನಿಜವಾದ ತಪ್ಪು. ಆಗ ಸುಮ್ನೆ ಬಿಡಬೇಡಿ, ಕೇಳಿ, ಆ ದುಡ್ಡು ನಿಮ್ಮದೇ. "ಮುಕ್ತಾಯ" ಎಂದಿರುವ ಪುಟದ ಫೋಟೋ ತೆಗೆದಿಟ್ಟುಕೊಂಡಿದ್ದರೆ ಅದನ್ನೇ ಕಳಿಸಿ. ನಮಸ್ಕಾರ.